ಕೈಗೆ ಪಟ್ಟಿಯೋ, ಪಾಸಿನ ಹಿಂದೆ ಕಾರ್ಡೋ? ಶುಗರ್ ಇರುವವರ ಗುರುತಿನ ಬಗ್ಗೆ

ನಮ್ಮ ಭಾವನ ಕೈಯಲ್ಲಿ ಸ್ಟೀಲಿನ ಪಟ್ಟಿ ಇತ್ತು. ಅಕ್ಕ ಕಾಳಜಿಯಿಂದ ಮಾಡಿಸಿದ್ದು. ಅದರ ಮೇಲೆ ಭಾವನ ಹೆಸರು, ಕೆಳಗೆ ಇಂಗ್ಲಿಷಿನಲ್ಲಿ ‘ಡಯಾಬಿಟಿಕ್’ ಎಂಬ ಒಂದೇ ಪದ. ಬೇಕಾದ ದಿನ ಆ ಪಟ್ಟಿಯನ್ನು ಜನ ಓದಿದರು. ಓದಿದ್ದರಿಂದಲೇ ಅವರಿಗೆ ಸಿಹಿ ಕೊಡದಂತೆ ತಡೆದರು.

ಅವತ್ತು ಸಂಕಷ್ಟಿ. ಭಾವ ಚಂದ್ರನನ್ನು ನೋಡುವ ತನಕ ಊಟ ಮಾಡುವುದಿಲ್ಲ. ಊಟ ಬಿಟ್ಟರು, ಮಾತ್ರೆ ಬಿಡಲಿಲ್ಲ. ಬೆಳಗ್ಗೆ ಏಳಕ್ಕೆ ಮಾತ್ರೆ ನುಂಗಿ, ಡೊಂಬಿವಿಲಿಯಲ್ಲಿ ಸ್ಲೋ ಲೋಕಲ್ ಹತ್ತಿದರು. ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಅವರದು ಗಲ್ಲಾಪೆಟ್ಟಿಗೆಯ ಕೆಲಸ. ಠಾಣೆ ದಾಟುವಾಗ ಬೆವರು ಶುರುವಾಯಿತು. ಆ ಗರ್ದಿಯಲ್ಲಿ ಬೆವರದವರು ಯಾರು? ಯಾರೂ ಗಮನಿಸಲಿಲ್ಲ. ಭಾಂಡುಪ್ ಹೊತ್ತಿಗೆ ಕೈ ನಡುಗಿ, ಮಾತು ತೊದಲತೊಡಗಿತು. ಪಕ್ಕದವರು ‘ಬೆಳಗ್ಗೆ ಬೆಳಗ್ಗೆಯೇ ಕುಡಿದಿದ್ದಾನೆ’ ಎಂದುಕೊಂಡು ಸ್ವಲ್ಪ ಸರಿದು ನಿಂತರಂತೆ. ಒಬ್ಬರು ಮಾತ್ರ ಕೈಹಿಡಿದು ಕೂರಿಸಿ, ಹೆಸರು ಕೇಳಿದರು. ಭಾವ ತುಳುವಿನಲ್ಲಿ ಏನೋ ಹೇಳಿದರು. ಮೂವತ್ತು ವರ್ಷದಿಂದ ಗಲ್ಲಾದಲ್ಲಿ ಮರಾಠಿ, ಹಿಂದಿ ಮಾತಾಡುವ ಮನುಷ್ಯ! ತಲೆಗೆ ಸಕ್ಕರೆ ಸಾಲದಾದಾಗ ತಾಯಿಭಾಷೆ ಒಂದೇ ಉಳಿದಿತ್ತು ಅಂತ ಕಾಣುತ್ತದೆ.

ಒಬ್ಬ ಹೆಂಗಸು ಡಬ್ಬಿಯಿಂದ ಪೇಡಾ ತೆಗೆದರಂತೆ. ಅಷ್ಟರಲ್ಲಿ ಕೈಪಟ್ಟಿ ಓದಿದವನು, ‘ಶುಗರ್ ಪೇಶಂಟ್ ಇವರು, ಸಿಹಿ ಕೊಡಬೇಡಿ’ ಎಂದ. ಪೇಡಾ ಡಬ್ಬಿಗೆ ವಾಪಸ್.

ಅವನದು ತಪ್ಪು ಅಂತ ಹೇಗೆ ಹೇಳುವುದು? ನಮ್ಮಲ್ಲಿ ಶುಗರ್ ಅಂದರೆ ‘ಸಿಹಿ ತಿನ್ನಬಾರದು’ ಅಂತಲೇ ಎಲ್ಲರ ತಲೆಯಲ್ಲಿ ಕೂತಿದೆ. ಮದುವೆಮನೆಯಲ್ಲಿ ಹೋಳಿಗೆ ಬಡಿಸುವವರಿಗೂ ಅದೇ ಗೊತ್ತು. ರಸ್ತೆಯಲ್ಲಿ ತಕ್ಷಣ ಕೊಲ್ಲುವಂಥದ್ದು ಸಾಮಾನ್ಯವಾಗಿ ಜಾಸ್ತಿ ಸಕ್ಕರೆ ಅಲ್ಲ, ಮಾತ್ರೆ ಅಥವಾ ಇನ್ಸುಲಿನ್‌ನಿಂದ ಇಳಿದುಹೋದ ಸಕ್ಕರೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಹಾಗಾಗಿ ‘ಡಯಾಬಿಟಿಕ್’ ಎಂಬ ಬರೀ ಪದ ನಮ್ಮ ಊರುಗಳಲ್ಲಿ ಉಲ್ಟಾ ಕೆಲಸ ಮಾಡಬಹುದು. ಪಟ್ಟಿಯೋ ಕಾರ್ಡೋ ಎಂದು ಕೇಳುವ ಮೊದಲು ಇದು ಮನಸ್ಸಲ್ಲಿರಲಿ. ಕಾಯಿಲೆಯ ಹೆಸರು ಹೇಳಿದರೆ ಸಾಲದು. ಎದುರಿಗಿರುವವನು ಏನು ಮಾಡಬೇಕು ಅಂತ ಅದರಲ್ಲಿ ಇರಬೇಕು.

ಇದು ಯಾರಿಗೆ ಬೇಕು

ಶುಗರ್ ಇರುವ ಎಲ್ಲರಿಗೂ ಪಟ್ಟಿ ಬೇಕಿಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ. ಅವರಿಗೆ ಪರ್ಸಿನಲ್ಲಿ ಒಂದು ಚೀಟಿ ಸಾಕು. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಪಟ್ಟಿ ಬೇಕೇ ಬೇಕು. ನಡುವೆ ಒಂದು ದೊಡ್ಡ ಗುಂಪು ಇದೆ, ಅವರಿಗೆ ತಾವು ಈ ಲೆಕ್ಕಕ್ಕೆ ಬರುತ್ತೇವೆ ಅಂತಲೇ ಗೊತ್ತಿರುವುದಿಲ್ಲ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಪಿಜೈಡ್ ಥರದ ಮಾತ್ರೆ ನುಂಗುವವರು. ಈ ಮಾತ್ರೆಗಳು ನೀವು ಊಟ ಮಾಡಿದಿರೋ ಇಲ್ಲವೋ ನೋಡುವುದಿಲ್ಲ, ಮೇದೋಜೀರಕದಿಂದ ಇನ್ಸುಲಿನ್ ಹಿಂಡುತ್ತಲೇ ಇರುತ್ತವೆ. ‘ನನಗೆ ಬರೀ ಮಾತ್ರೆ, ಇಂಜೆಕ್ಷನ್ ಇಲ್ಲ’ ಅನ್ನುತ್ತಿದ್ದ ಭಾವ ಇದೇ ಗುಂಪಿನವರು. ವಯಸ್ಸಾದವರು, ಕಿಡ್ನಿ ಸ್ವಲ್ಪ ಸೋತವರು, ಉಪವಾಸ ಮಾಡುವವರು ಇದರಲ್ಲಿದ್ದರೆ ಇನ್ನೂ ಎಚ್ಚರ ಬೇಕು. ಉಪವಾಸದ ದಿನ ಮಾತ್ರೆ ಏನು ಮಾಡಬೇಕು ಅಂತ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಕೈಪಟ್ಟಿ, ಕಾರ್ಡ್, ಫೋನ್, ಕ್ಯೂಆರ್

ಕೈಪಟ್ಟಿಯ ಒಂದೇ ದೊಡ್ಡ ಗುಣವೆಂದರೆ ಅದು ಮೈಮೇಲೆಯೇ ಇರುತ್ತದೆ. ಬ್ಯಾಗು ಲಗೇಜ್ ರ‍್ಯಾಕಿನ ಮೇಲೆ ಉಳಿದರೂ, ಫೋನ್ ಹಳಿಗೆ ಬಿದ್ದರೂ ಅದು ಇರುತ್ತದೆ. ನಾಡಿ ಹಿಡಿಯುವವರ ಕಣ್ಣು ಮೊದಲು ಹೋಗುವುದೂ ಮಣಿಕಟ್ಟಿಗೇ. ಆದರೆ ನಮ್ಮ ಜನರ ಕೈಯಲ್ಲಿ ಏನೇನಿರುತ್ತದೆ ನೋಡಿ. ಕಡಗ, ತಾಮ್ರದ ಬಳೆ, ಕೆಂಪು ದಾರ, ದೇವಸ್ಥಾನದ ಕಾಪು. ಅದರ ನಡುವೆ ದುಂಡನೆಯ ಸ್ಟೀಲು ಬಳೆ ಮಾಡಿಸಿದರೆ ಅದೂ ಒಂದು ಕಡಗ ಅಷ್ಟೇ. ಚಪ್ಪಟೆ ಹಲಗೆ ಇರುವಂಥದ್ದು ಬೇಕು. ಸುಮಾರು ನಾಲ್ಕು ಸೆಂಟಿಮೀಟರ್ ಉದ್ದ, ಒಂದೂವರೆ ಸೆಂಟಿಮೀಟರ್ ಅಗಲ. ಮೇಲೆ ಹಾವು ಸುತ್ತಿದ ಕೋಲಿನ ಕೆಂಪು ಅಥವಾ ನೀಲಿ ವೈದ್ಯಕೀಯ ಗುರುತು ಇದ್ದರೆ ಒಳ್ಳೆಯದು. ದಾರಿಹೋಕರಿಗೆ ಅದು ಗೊತ್ತಾಗದಿದ್ದರೂ ಆಂಬುಲೆನ್ಸಿನವರಿಗೆ ಗೊತ್ತಾಗುತ್ತದೆ.

ಲೋಹದ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಸ್ಟೇನ್‌ಲೆಸ್ ಸ್ಟೀಲ್, ಕೆತ್ತಿದ ಅಕ್ಷರ. ಮುಂಬಯಿಯ ಬೆವರಿಗೆ ಬೆಳ್ಳಿ ಕಪ್ಪಾಗುತ್ತದೆ. ಮೇಲೆ ಬಣ್ಣದಲ್ಲಿ ಅಚ್ಚು ಹಾಕಿದ ಸಿಲಿಕಾನ್ ಪಟ್ಟಿಯ ಅಕ್ಷರ ಬರಬರುತ್ತಾ ಅಳಿಸುತ್ತದೆ. ಅದು ಆಟವಾಡುವ ಮಕ್ಕಳಿಗೆ ಸರಿ, ಆಗಾಗ ಬದಲಿಸುತ್ತಾ ಇರಬೇಕು. ಕೊರಳ ಪದಕ ಮಾಡಿಸುವುದಾದರೆ ಅದು ಅಂಗಿಯ ಒಳಗೆ ಗಣಪತಿಯ ಲಾಕೆಟ್ಟಿನ ಜೊತೆ ಅಡಗಿರುತ್ತದೆ ಎಂಬುದು ನೆನಪಿರಲಿ. ಟ್ರೋಫಿ, ನಾಮಫಲಕ ಕೆತ್ತುವವರ ಬಳಿ ಹೋದರೆ ಇಂಗ್ಲಿಷ್, ದೇವನಾಗರಿ ಎರಡನ್ನೂ ಕೆತ್ತಿಕೊಡುತ್ತಾರೆ. ಎಂಆರ್‌ಐ ಮಾಡಿಸುವಾಗ ಮಾತ್ರ ಬಿಚ್ಚಿಡಬೇಕು.

ಪಟ್ಟಿಯ ದೋಷವೂ ಒಂದೇ. ಜಾಗ ಕಡಿಮೆ. ಓದಲು ಆಗುವ ಅಕ್ಷರದಲ್ಲಿ ಒಂದು ಬದಿಗೆ ನಾಲ್ಕು ಸಾಲು ಹಿಡಿಸಿದರೆ ಹೆಚ್ಚು. ಮಾತ್ರೆ ಬದಲಾದರೆ ಹೊಸದನ್ನೇ ಕೆತ್ತಿಸಬೇಕು.

ಆ ಕೊರತೆ ತುಂಬುವುದು ಕಾರ್ಡ್. ಕಾರ್ಡು ಎಲ್ಲಿಡಬೇಕು ಎಂಬುದಕ್ಕೆ ಮುಂಬಯಿಯವರಿಗೆ ಉತ್ತರ ಸಿದ್ಧವಾಗಿಯೇ ಇದೆ: ರೈಲು ಪಾಸ್ ಇಡುವ ಪ್ಲಾಸ್ಟಿಕ್ ಕವರ್. ಪಾಸಿನ ಹಿಂಬದಿಗೆ, ಹೊರಗೆ ಕಾಣುವ ಹಾಗೆ. ಯಾರಾದರೂ ಬಿದ್ದರೆ ಪೊಲೀಸರು ಗುರುತು ಹುಡುಕಲು ತೆಗೆಯುವುದು ಪರ್ಸು, ಇಲ್ಲವೇ ಈ ಕವರ್. ಮಳೆಗಾಲದಲ್ಲೂ ಅದು ಕಾಗದವನ್ನು ಕಾಪಾಡುತ್ತದೆ. ಪಾಸ್ ಫೋನಿಗೆ ಹೋದವರು ಹಳೆಯ ಕವರನ್ನು ಬಿಸಾಡಬೇಡಿ. ಒಂದು ಸಲಹೆ: ಕಾರ್ಡಿಗೆ ಲ್ಯಾಮಿನೇಶನ್ ಬೇಡ. ಒಮ್ಮೆ ಅಂಟಿಸಿಬಿಟ್ಟರೆ ಹಳೆಯ ಮಾತ್ರೆಯ ಹೆಸರು ಹಾಗೇ ಉಳಿಯುತ್ತದೆ. ಹಳೆಯ ಮಾಹಿತಿಯ ಕಾರ್ಡು ಇಲ್ಲದ ಕಾರ್ಡಿಗಿಂತ ಕೆಟ್ಟದ್ದು.

ಫೋನಿನಲ್ಲೂ ಈ ಸೌಲಭ್ಯ ಇದೆ. ಐಫೋನಿನಲ್ಲಿ `Medical ID` ತುಂಬಿ, `Show When Locked` ಆನ್ ಮಾಡಿದರೆ ಲಾಕ್ ಆದ ಪರದೆಯಲ್ಲೂ `Emergency` ಒತ್ತಿ ಓದಬಹುದು. ಆಂಡ್ರಾಯ್ಡಿನಲ್ಲಿ ಸೆಟ್ಟಿಂಗ್ಸ್ ಒಳಗೆ ತುರ್ತು ಮಾಹಿತಿಯ ಜಾಗ ಇರುತ್ತದೆ, ಹೆಸರು ಕಂಪನಿಗೊಂದು ಥರ. ಪುಕ್ಕಟೆ, ಐದು ನಿಮಿಷದ ಕೆಲಸ, ತುಂಬಿಡಿ. ಆದರೆ ಆಸ್ಪತ್ರೆಯ ಸಿಬ್ಬಂದಿಗೆ ಉಪಯೋಗವಾದಷ್ಟು ರೈಲಿನ ಸಹಪ್ರಯಾಣಿಕರಿಗೆ ಆಗುವುದಿಲ್ಲ. ಬೇರೆಯವರ ಫೋನ್ ಮುಟ್ಟಲು ಜನ ಹೆದರುತ್ತಾರೆ. ಆ ಗುಂಡಿ ಅಲ್ಲಿದೆ ಅಂತ ಬಹಳ ಜನರಿಗೆ ಗೊತ್ತೂ ಇಲ್ಲ.

ಕ್ಯೂಆರ್ ಪಟ್ಟಿಗಳನ್ನು ನಾನು ಒಪ್ಪುವುದಿಲ್ಲ. ನೆಟ್‌ವರ್ಕ್ ಬೇಕು, ಆ ಕಂಪನಿಯ ಜಾಲತಾಣ ಬದುಕಿರಬೇಕು, ಬಿದ್ದವನ ಕೈಯನ್ನು ಸ್ಕ್ಯಾನ್ ಮಾಡಬೇಕು ಅಂತ ಯಾರಿಗಾದರೂ ಹೊಳೆಯಬೇಕು. ಹಣ ಕಳಿಸಲು ಸ್ಕ್ಯಾನ್ ಮಾಡಿ ರೂಢಿಯಾದ ಊರಿನಲ್ಲಿ ಅದನ್ನು ನೋಡಿದರೆ ಏನಂದುಕೊಳ್ಳುತ್ತಾರೋ! ಅಮೆರಿಕದಲ್ಲಿ 1956ರಲ್ಲಿ ಮೆಡಿಕ್‌ಅಲರ್ಟ್ ಎಂಬ ಸಂಸ್ಥೆ ಇಂಥ ಪಟ್ಟಿಗಳನ್ನು ಶುರುಮಾಡಿತು. ಅಲ್ಲಿ ಪಟ್ಟಿಯ ಹಿಂದೆ ಹಗಲು ರಾತ್ರಿ ಫೋನ್ ಎತ್ತಿ ರೋಗಿಯ ವಿವರ ಹೇಳುವ ಜನ ಇರುತ್ತಾರೆ. ನಾವು ಗಲ್ಲಿಯಲ್ಲಿ ಕೆತ್ತಿಸಿದ ಪಟ್ಟಿಯ ಹಿಂದೆ ಯಾರೂ ಇಲ್ಲ. ಎಲ್ಲವನ್ನೂ ಆ ಹಲಗೆಯೇ ಹೇಳಬೇಕು.

ಒಂದನ್ನೇ ಆರಿಸಬೇಕು ಎಂದರೆ ಕೈಪಟ್ಟಿ. ಸಾಧ್ಯವಾದರೆ ಪಟ್ಟಿ ಮತ್ತು ಕಾರ್ಡ್ ಎರಡೂ. ಪಟ್ಟಿ ದಾರಿಹೋಕರಿಗೆ, ಕಾರ್ಡು ಡಾಕ್ಟರಿಗೆ.

ಪಟ್ಟಿಯ ಮೇಲೆ ಏನು ಕೆತ್ತಿಸುವುದು

ಭಾವನ ಹೊಸ ಪಟ್ಟಿಯ ಮುಂಬದಿ ಇಂಗ್ಲಿಷಿನಲ್ಲಿದೆ. ‘ಡಯಾಬಿಟಿಸ್. ಲೋ ಶುಗರ್? ಅವೇಕ್: ಗಿವ್ ಗ್ಲೂಕೋಸ್. ನಾಟ್ ಅವೇಕ್: ಕಾಲ್ 108.’ ಹಿಂಬದಿ ಮರಾಠಿ, ದೇವನಾಗರಿಯಲ್ಲಿ: ‘ಮಧುಮೇಹ. ಶುದ್ಧೀವರ್ ಅಸೇಲ್ ತರ್ ಗ್ಲುಕೋಜ್ ದ್ಯಾ’, ಅಂದರೆ ಎಚ್ಚರವಿದ್ದರೆ ಗ್ಲೂಕೋಸ್ ಕೊಡಿ. ಅದರ ಕೆಳಗೆ ಒಂದು ಫೋನ್ ನಂಬರು. ಹೆಸರಿಗೆ ಜಾಗ ಉಳಿಯಲಿಲ್ಲ, ಬಿಟ್ಟೆವು. ಬಿದ್ದವರನ್ನು ಉಳಿಸಲು ಹೆಸರು ಬೇಕಿಲ್ಲ, ಅಲ್ವಾ?

‘ಎಚ್ಚರವಿದ್ದರೆ’ ಎಂಬ ಮಾತನ್ನು ಬಿಡಬಾರದು. ಬರೀ ‘ಸಕ್ಕರೆ ಕೊಡಿ’ ಎಂದು ಕೆತ್ತಿಸಿದರೆ, ಪ್ರಜ್ಞೆ ಇಲ್ಲದವರ ಬಾಯಿಗೆ ಯಾರೋ ಸಕ್ಕರೆ ನೀರು ಸುರಿಯುತ್ತಾರೆ. ಅದು ಶ್ವಾಸಕೋಶಕ್ಕೆ ಹೋದರೆ ಬೇರೆಯೇ ಅಪಾಯ.

ಇನ್ನೊಂದು ಪ್ರಶ್ನೆ: ಸಕ್ಕರೆ ಅನ್ನದೆ ಗ್ಲೂಕೋಸ್ ಅಂತ ಯಾಕೆ ಕೆತ್ತಿಸಿದೆವು? ಇದಕ್ಕೆ ಅವತ್ತಿನ ಕಥೆಯ ಉಳಿದ ಭಾಗ ಹೇಳಬೇಕು.

ಭಾವನನ್ನು ಘಾಟ್‌ಕೋಪರಿನಲ್ಲಿ ಇಳಿಸಿದರು. ಬೆಂಚಿನ ಮೇಲೆ ಕೂರಿಸಿದಾಗ ಒಬ್ಬರು ಓಆರ್‌ಎಸ್ ನೀರು ಕೊಟ್ಟರು. ಬಿಸಿಲಿಗೆ ಸುಸ್ತಾಗಿದೆ ಎಂದುಕೊಂಡಿದ್ದರಂತೆ. ಲೀಟರ್ ಓಆರ್‌ಎಸ್‌ನಲ್ಲಿ ಗ್ಲೂಕೋಸ್ ಇರುವುದು 13.5 ಗ್ರಾಂ. ಒಂದು ಲೋಟಕ್ಕೆ ಮೂರು ಗ್ರಾಂ ಕೂಡ ಬರುವುದಿಲ್ಲ. ಬೇಕಾಗಿದ್ದು 15 ಗ್ರಾಂ. ಅಷ್ಟರಲ್ಲಿ ಸ್ಟೇಷನ್ ಹೊರಗಿನ ಔಷಧದ ಅಂಗಡಿಯ ಹುಡುಗ ಗ್ಲೂಕೋಮೀಟರ್ ಹಿಡಿದುಕೊಂಡು ಬಂದ. ರಕ್ತದಲ್ಲಿ ಸಕ್ಕರೆ 48. ಎಪ್ಪತ್ತಕ್ಕಿಂತ ಕೆಳಗೆ ಹೋದರೆ ಕಡಿಮೆ, 54ಕ್ಕಿಂತ ಕೆಳಗೆ ಹೋದರೆ ಗಂಭೀರ. ಚಹಾದ ಅಂಗಡಿಯಿಂದ ಮೂರು ಚಮಚ ಸಕ್ಕರೆ ತರಿಸಿ ನೀರಿಗೆ ಕಲಸಿ ಕುಡಿಸಿದರು. ಕಾಲು ಗಂಟೆ ಕಾದು ನೋಡಿದರೆ 51. ಏರಲೇ ಇಲ್ಲ ಅನ್ನಬಹುದು.

ಆಗ ಹುಡುಗ ಭಾವನ ಜೇಬಿನಲ್ಲಿದ್ದ ಮಾತ್ರೆಯ ಹಾಳೆ ತೆಗೆದು ನೋಡಿದ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ಜೊತೆಗೆ ವೋಗ್ಲಿಬೋಸ್. ನಮ್ಮ ದೇಶದಲ್ಲಿ ಈ ಮೂರನ್ನು ಸೇರಿಸಿದ ಮಾತ್ರೆ ಬಹಳ ಮಂದಿ ತೆಗೆದುಕೊಳ್ಳುತ್ತಾರೆ. ವೋಗ್ಲಿಬೋಸ್ ಮಾಡುವ ಕೆಲಸ ಏನೆಂದರೆ, ಕರುಳಿನಲ್ಲಿ ಸಕ್ಕರೆಯನ್ನು ಒಡೆಯುವ ಕಿಣ್ವವನ್ನು ತಡೆಯುವುದು. ನಾವು ಚಹಾಕ್ಕೆ ಹಾಕುವ ಸಕ್ಕರೆ ಎರಡು ತುಂಡು ಜೋಡಿಸಿದ ವಸ್ತು. ಒಡೆದರೆ ಮಾತ್ರ ರಕ್ತಕ್ಕೆ ಸೇರುತ್ತದೆ. ಒಡೆಯುವುದನ್ನೇ ಮಾತ್ರೆ ತಡೆದರೆ, ಕುಡಿಸಿದ ಸಕ್ಕರೆ ಹೊಟ್ಟೆಯಲ್ಲೇ ನಿಧಾನ ಮಾಡುತ್ತದೆ. ಗ್ಲೂಕೋಸ್ ಒಂಟಿ ತುಂಡು, ಒಡೆಯುವ ಅಗತ್ಯವೇ ಇಲ್ಲ, ನೇರ ಹೋಗುತ್ತದೆ. ಅಕಾರ್ಬೋಸ್ ಎಂಬ ಮಾತ್ರೆಗೂ ಇದೇ ಮಾತು. ಹುಡುಗ ಓಡಿಹೋಗಿ ಗ್ಲೂಕೋಸ್ ಪುಡಿ ತಂದು ಮೂರು ದೊಡ್ಡ ಚಮಚ ಕಲಸಿ ಕುಡಿಸಿದ. ಇನ್ನು ಕಾಲು ಗಂಟೆಗೆ 82. ಭಾವ ಕಣ್ಣರಳಿಸಿ, ‘ಗಲ್ಲಾ ಯಾರು ನೋಡ್ತಿದ್ದಾರೆ?’ ಅಂದರಂತೆ.

ಆ ಹಾಳೆಯಲ್ಲಿ ಹೆಸರು ಉಳಿದಿದ್ದು ನಮ್ಮ ಪುಣ್ಯ. ಮೂರು ಮಾತ್ರೆ ಸಾಕು ಅಂತ ಕತ್ತರಿಸಿ ಕೊಂಡಾಗ ಎಷ್ಟೋ ಸಲ ಹೆಸರಿನ ಭಾಗ ಅಂಗಡಿಯಲ್ಲೇ ಉಳಿದುಬಿಡುತ್ತದೆ.

ಆದ್ದರಿಂದ ನಿಮ್ಮ ಮಾತ್ರೆಯಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇದ್ದರೆ ಪಟ್ಟಿಯಲ್ಲಿ ‘ಗ್ಲೂಕೋಸ್’ ಎಂದೇ ಇರಲಿ. ಇಲ್ಲದಿದ್ದರೆ ‘ಸಕ್ಕರೆ’ ಎಂದರೂ ನಡೆಯುತ್ತದೆ. ಎಲ್ಲ ಕಡೆ ಸಿಗುವುದೂ ಅದೇ. ಭಾವ ಈಗ ಮೂರು ಚಮಚ ಗ್ಲೂಕೋಸ್ ಪುಡಿಯನ್ನು ಸಣ್ಣ ಜಿಪ್ ಕವರಿಗೆ ಹಾಕಿ ಬ್ಯಾಗಿನ ಹೊರಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ. ಪುಡಿ ಕೊಳ್ಳುವಾಗ ಡಬ್ಬಿ ತಿರುಗಿಸಿ ಓದಿ. ರುಚಿ ಸೇರಿಸಿದ್ದರಲ್ಲಿ ಸಕ್ಕರೆಯೂ ಇರಬಹುದು. ಸಾದಾ ಗ್ಲೂಕೋಸ್, ಅಂದರೆ ಡೆಕ್ಸ್ಟ್ರೋಸ್, ಬೇಕು.

ಕಾರ್ಡಿನಲ್ಲಿ

ಕಾರ್ಡಿನಲ್ಲಿ ಜಾಗ ಇದೆ ಅಂತ ಎಲ್ಲವನ್ನೂ ತುರುಕಬೇಡಿ. ಆಧಾರ್ ನಂಬರ್ ಬೇಡ, ಮನೆ ವಿಳಾಸ ಬೇಡ. ಕಾರ್ಡು ಕಳೆದುಹೋದರೆ ತಲೆನೋವು. ಎಲ್ಲರೂ ಆಸೆಯಿಂದ ಬರೆಯುವ ರಕ್ತದ ಗುಂಪೂ ಇಲ್ಲಿ ಮುಖ್ಯವಲ್ಲ. ರಕ್ತ ಕೊಡುವ ಮೊದಲು ಆಸ್ಪತ್ರೆಯವರು ಹೇಗೂ ಪರೀಕ್ಷೆ ಮಾಡುತ್ತಾರೆ.

ಬರೆಯಬೇಕಾದ್ದು ಹೆಸರು, ಹುಟ್ಟಿದ ವರ್ಷ, ಯಾವ ಥರದ ಡಯಾಬಿಟಿಸ್, ಮತ್ತು ಮಾತ್ರೆಯ ಒಳಗಿನ ಔಷಧದ ಹೆಸರು. ಕಂಪನಿ ಇಟ್ಟ ಹೆಸರಲ್ಲ. ಅಂಗಡಿಯವನು ಬೇರೆ ಕಂಪನಿಯದು ಕೊಟ್ಟರೆ ಆ ಹೆಸರು ಬದಲಾಗುತ್ತದೆ, ಒಳಗಿನದು ಅದೇ ಇರುತ್ತದೆ. ಭಾವನ ಕಾರ್ಡಿನಲ್ಲಿ ‘ಗ್ಲಿಮೆಪಿರೈಡ್ ಇದೆ, ಸಕ್ಕರೆ ಮತ್ತೆ ಇಳಿಯಬಹುದು, ನಿಗಾ ಇಡಿ’ ಎಂಬ ಸಾಲಿಗೆ ಕೆಂಪು ಗೆರೆ ಎಳೆದಿದ್ದೇವೆ. ಯಾಕೆಂದರೆ ಅವತ್ತು 82ಕ್ಕೆ ಕಥೆ ಮುಗಿಯಲಿಲ್ಲ. ಭಾವ ಕೆಲಸಕ್ಕೆ ಹೊರಟಿದ್ದರು, ಅಕ್ಕ ಹಟಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ರಾತ್ರಿ ಅಲ್ಲೇ ಮತ್ತೆ 62ಕ್ಕೆ ಇಳಿಯಿತು. ಈ ಜಾತಿಯ ಮಾತ್ರೆಗಳು ದೇಹದಲ್ಲಿ ಬಹಳ ಹೊತ್ತು ಕೆಲಸ ಮಾಡುತ್ತವೆ. ಒಮ್ಮೆ ಸರಿಹೋದವರು ಕೆಲವು ಗಂಟೆಯ ನಂತರ ಮತ್ತೆ ಕುಸಿಯಬಹುದು.

ಇನ್ಸುಲಿನ್ ತೆಗೆದುಕೊಳ್ಳುವವರು ಅದರ ಹೆಸರು ಬರೆಯಿರಿ, ಪ್ರಮಾಣ ಬೇಡ. ಅದು ಬದಲಾಗುತ್ತಾ ಇರುತ್ತದೆ. ಔಷಧದ ಅಲರ್ಜಿ, ಕಿಡ್ನಿ ಅಥವಾ ಹೃದಯದ ತೊಂದರೆ ಇದ್ದರೆ ಒಂದು ಸಾಲು. ಕೊನೆಗೆ ಬರೆದ ತಾರೀಕು. ಇನ್ನೊಂದು ಸಾಲನ್ನು ನಾನೇ ಸೇರಿಸಿದೆ: ‘ಕನ್ನಡ, ತುಳು ಮಾತಾಡುತ್ತಾರೆ.’ ಗೊಂದಲದಲ್ಲಿ ಮರಾಠಿ ಹೊರಡದೇ ಇದ್ದರೆ, ‘ಏನೋ ಬಡಬಡಿಸುತ್ತಿದ್ದಾನೆ’ ಎಂದು ಬರೆದುಕೊಳ್ಳುವ ಬದಲು ಆಸ್ಪತ್ರೆಯವರು ಒಬ್ಬ ಕನ್ನಡದವರನ್ನು ಹುಡುಕಬಹುದು. ಮುಂಬಯಿಯಲ್ಲಿ ಅದೇನು ಕಷ್ಟವಲ್ಲ.

ನೀವು ಪಕ್ಕದಲ್ಲಿ ನಿಂತಿದ್ದರೆ

ಬೆವರು, ನಡುಕ, ತೊದಲು, ಸುಮ್ಮಸುಮ್ಮನೆ ಸಿಟ್ಟು. ಇದು ಕುಡಿತದಂತೆಯೇ ಕಾಣುತ್ತದೆ. ಮಣಿಕಟ್ಟು ನೋಡಿ. ಆಮೇಲೆ ಒಂದೇ ಪ್ರಶ್ನೆ: ಇವರು ತಾವೇ ಲೋಟ ಹಿಡಿದು ನುಂಗಬಲ್ಲರೇ?

ನುಂಗಬಲ್ಲರಾದರೆ ಮೂರು ಚಮಚ ಗ್ಲೂಕೋಸ್ ಅಥವಾ ಸಕ್ಕರೆ ನೀರಿನಲ್ಲಿ ಕಲಸಿ ಕೊಡಿ. ಅರ್ಧ ಲೋಟ, ಸುಮಾರು 150 ಮಿಲಿ ಸಾಮಾನ್ಯ ಕೋಲಾ ಕೂಡ ಆಗುತ್ತದೆ, ಡಯಟ್ ಮಾತ್ರ ಬೇಡ. ಕಟಿಂಗ್ ಚಹಾ ಸಾಲದು, ಅದರಲ್ಲಿ ಸಕ್ಕರೆ ಕಡಿಮೆ, ಬಿಸಿ ಬೇರೆ. ಚಾಕೊಲೇಟ್, ಪೇಡಾದಲ್ಲಿ ಕೊಬ್ಬು ಇರುವುದರಿಂದ ನಿಧಾನ. ಬೇರೇನೂ ಇಲ್ಲದಿದ್ದರೆ ಅದನ್ನೇ ಕೊಡಿ. ಹದಿನೈದು ನಿಮಿಷ ಕಾಯಿರಿ, ಸರಿಯಾಗದಿದ್ದರೆ ಮತ್ತೊಮ್ಮೆ ಅಷ್ಟೇ ಕೊಡಿ. ಸುಧಾರಿಸಿದ ಮೇಲೆ ಬಿಸ್ಕತ್ತೋ ಇಡ್ಲಿಯೋ ಹೊಟ್ಟೆಗೆ ಬೀಳಲಿ. ಒಂಟಿಯಾಗಿ ಕಳಿಸಬೇಡಿ.

‘ಸಕ್ಕರೆ ಜಾಸ್ತಿಯಾಗಿಯೇ ಹೀಗಾಗಿದ್ದರೆ?’ ಎಂಬ ಹೆದರಿಕೆ ಸಹಜ. ಮೂರು ಚಮಚದಿಂದ ಅವರಿಗೆ ದೊಡ್ಡ ಹಾನಿಯಿಲ್ಲ. ಕಡಿಮೆಯಾದವರಿಗೆ ಕೊಡದೇ ಹೋದರೆ ಪ್ರಾಣಕ್ಕೆ ಬರಬಹುದು. ಆದರೆ ಬ್ಯಾಗಿನಲ್ಲಿ ಇನ್ಸುಲಿನ್ ಪೆನ್ ಸಿಕ್ಕಿತು ಅಂತ ಚುಚ್ಚಲು ಹೋಗಬೇಡಿ, ಯಾವ ಕಾರಣಕ್ಕೂ.

ನುಂಗಲಾರರು, ಕರೆದರೆ ಉತ್ತರವಿಲ್ಲ ಎಂದರೆ ಬಾಯಿಗೆ ಏನೂ ಹಾಕಬೇಡಿ. ಉಸಿರಾಟ ಸರಿಯಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ, ‘ಡಯಾಬಿಟಿಸ್, ಪ್ರಜ್ಞೆ ಇಲ್ಲ’ ಎಂದು ಮೊದಲ ಮಾತಿನಲ್ಲೇ ಹೇಳಿ. ಸಕ್ಕರೆ ತೀರಾ ಇಳಿದಾಗ ಫಿಟ್ಸ್ ಕೂಡ ಬರಬಹುದು. ಕೈಗೆ ಕೀಲಿಗೊಂಚಲು ಕೊಡುವುದು, ಮೂಗಿಗೆ ಈರುಳ್ಳಿ, ಚಪ್ಪಲಿ ಹಿಡಿಯುವುದು, ಇದರಿಂದ ಸಕ್ಕರೆ ಏರುವುದಿಲ್ಲ, ಸುಮ್ನೆ ಸಮಯ ಹಾಳು. ಉಸಿರು ನಿಂತಿದ್ದರೆ ಎದೆ ಒತ್ತುವುದು ಶುರುಮಾಡಿ.

ಲೋಕಲ್ಲಿನಲ್ಲಿ ಆದರೆ ಎರಡು ಸ್ಟೇಷನ್ ನಡುವೆ ಚೈನ್ ಎಳೆಯಬೇಡಿ. ಆ ಹಳಿಯ ಮೇಲೆ ಆಂಬುಲೆನ್ಸ್ ಬರುವುದಿಲ್ಲ. ಮುಂದಿನ ಸ್ಟೇಷನ್ ಎರಡು ಮೂರು ನಿಮಿಷದ ದೂರದಲ್ಲೇ ಇರುತ್ತದೆ. ಅಲ್ಲಿ ಇಳಿಸಿ ಸ್ಟೇಷನ್ ಮಾಸ್ತರರಿಗೆ, ಆರ್‌ಪಿಎಫ್‌ನವರಿಗೆ ಹೇಳಿ. ರೈಲ್ವೆಯ ಸಹಾಯವಾಣಿ 139.

ಇಷ್ಟಾದ ಮೇಲೆ ಪಟ್ಟಿಯ ಮೇಲಿನ ನಂಬರಿಗೆ ಕರೆ ಮಾಡುವುದು. ಆ ನಂಬರು ಯಾರದು ಎಂದು ನಮ್ಮಲ್ಲಿ ಸ್ವಲ್ಪ ಜಗಳವೇ ಆಯಿತು. ಅಕ್ಕನದೇ ಇರಲಿ ಎಂದು ಭಾವ. ಕೆತ್ತಿಸುವ ಮೊದಲು ನಾನು ಆಫೀಸಿನ ಫೋನಿನಿಂದ, ಅಕ್ಕನಿಗೆ ಗೊತ್ತಿಲ್ಲದ ನಂಬರಿನಿಂದ, ಮೂರು ಸಲ ಕರೆ ಮಾಡಿ ನೋಡಿದೆ. ಸಾಲ ಕೊಡುವವರ ಕರೆ ಅಂದುಕೊಂಡು ಮೂರು ಸಲವೂ ಕತ್ತರಿಸಿದಳು. ಭಾವನ ತಮ್ಮನದು ಹೋಟೆಲಿನ ಅಡುಗೆಮನೆ, ಅವನ ಫೋನ್ ಸಂಜೆಯ ತನಕ ಲಾಕರಿನಲ್ಲಿ. ಕೊನೆಗೆ ಕಾಲೇಜಿಗೆ ಹೋಗುವ ಮಗನ ನಂಬರು ಕೆತ್ತಿಸಿದೆವು. ಅವನು ಯಾವ ನಂಬರನ್ನಾದರೂ ಮೊದಲ ರಿಂಗಿಗೇ ಎತ್ತುತ್ತಾನೆ, ಕ್ಲಾಸಿನಲ್ಲಿದ್ದರೂ.